ಕಾರ್ಟಿನಲ್ಲೇ ಉಳಿದ ಕುರ್ತಾಕ್ಕೆ ಮೂರು ಪತ್ರ

ಆನ್‌ಲೈನ್ ಅಂಗಡಿಗಳಲ್ಲಿ ಕಾರ್ಟಿಗೆ ಸಾಮಾನು ಹಾಕಿಕೊಂಡ ಹತ್ತು ಜನರಲ್ಲಿ ಸುಮಾರು ಏಳು ಮಂದಿ ಕೊಳ್ಳದೆ ಹೊರಟುಹೋಗುತ್ತಾರೆ. ಡೆನ್ಮಾರ್ಕಿನ ಬೇಮರ್ಡ್ ಇನ್‌ಸ್ಟಿಟ್ಯೂಟ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದ ಸರಾಸರಿ ಇದು. ಹಾಗೆ ಹೋದವರಲ್ಲಿ ದೊಡ್ಡ ಪಾಲು ಸುಮ್ಮನೆ ನೋಡಲು ಬಂದವರದು. ನಿಜವಾಗಿ ಕೊಳ್ಳಬೇಕೆಂದಿದ್ದವರು ಹಿಂದೆ ಸರಿಯಲು ಆ ಸಂಸ್ಥೆಯ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಮೊದಲಿಗೆ ಬರುವ ಕಾರಣ ಒಂದೇ: ಕೊನೆಯ ಪುಟದಲ್ಲಿ ಬಂದು ಸೇರುವ ಡೆಲಿವರಿ ಮತ್ತಿತರ ಖರ್ಚು.

ಬಟ್ಟೆಯ ವಿಷಯದಲ್ಲಿ ಇದಕ್ಕೆ ಇನ್ನೆರಡು ಅನುಮಾನಗಳು ಸೇರುತ್ತವೆ. ಅಳತೆ ಸರಿಹೋದೀತೇ? ಫೋನಿನಲ್ಲಿ ಕಂಡ ಬಣ್ಣವೇ ಕೈಗೆ ಬಂದೀತೇ? ಜವಳಿ ಅಂಗಡಿಯಲ್ಲಿ ಗಿರಾಕಿ ಸೀರೆಯನ್ನು ಪಕ್ಕಕ್ಕಿಟ್ಟು ಏಳಲು ಹೊರಟಾಗ ಅನುಭವಿ ನೌಕರ ಅದನ್ನೇ ಬೆಳಕಿಗೆ ಹಿಡಿದು ಸೆರಗು ಬಿಚ್ಚಿ ತೋರಿಸುತ್ತಾನೆ. ಕಾರ್ಟ್ ಬಿಟ್ಟುಹೋದವರಿಗೆ ಆನ್‌ಲೈನ್ ಅಂಗಡಿ ಕಳಿಸುವ ನೆನಪಿನ ಇಮೇಲ್‌ಗಳು ಮಾಡಬೇಕಾದ ಕೆಲಸವೂ ಅದೇ. ಗ್ರಾಹಕರು ಯಾವ ಅನುಮಾನದಲ್ಲಿ ನಿಂತರೋ ಅದಕ್ಕೆ ಉತ್ತರ ಕೊಡಬೇಕು. ಬಹಳಷ್ಟು ಅಂಗಡಿಗಳು ಮಾತ್ರ ಉತ್ತರ ಕೊಡುವ ಬದಲು ಒತ್ತಾಯ ಮಾಡುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಸಣ್ಣ ಅಂಗಡಿ ಕೈಯಚ್ಚಿನ ಹತ್ತಿ ಕುರ್ತಾಗಳನ್ನು ಆನ್‌ಲೈನಿನಲ್ಲಿ ಮಾರುತ್ತದೆ. ಧಾರವಾಡದ ಗ್ರಾಹಕಿಯೊಬ್ಬರು ರಾತ್ರಿ 10.45ಕ್ಕೆ 1,290 ರೂಪಾಯಿಯ ನೀಲಿ ಕುರ್ತಾ ಆರಿಸಿ, ಮೀಡಿಯಂ ಸೈಜ್ ಒತ್ತಿ, ಇಮೇಲ್ ವಿಳಾಸ ಬರೆದು ಹಣ ಕೊಡುವ ಪುಟಕ್ಕೆ ಬಂದರು. ಅಲ್ಲಿ 80 ರೂಪಾಯಿ ಡೆಲಿವರಿ ಶುಲ್ಕ ಕಂಡಿತು. ಅಷ್ಟಕ್ಕೇ ಬಿಟ್ಟರು.

ಅವರು ಇಮೇಲ್ ಬರೆದದ್ದರಿಂದಲೇ ಅಂಗಡಿಗೆ ಈಗ ಪತ್ರ ಕಳಿಸುವ ದಾರಿ ಇದೆ. ವಿಳಾಸ ಕೊಡುವ ಮೊದಲೇ ಹೋದವರನ್ನು ಈ ವ್ಯವಸ್ಥೆ ಮುಟ್ಟಲಾರದು. ವಿಳಾಸ ಬಂದ ಕ್ಷಣದಿಂದ ಸಾಫ್ಟ್‌ವೇರಿನಲ್ಲಿ ಗಡಿಯಾರ ಓಡಲು ಶುರುವಾಗುತ್ತದೆ. ನಡುವೆ ಆರ್ಡರ್ ಬಂದರೆ ಉಳಿದ ಪತ್ರಗಳೆಲ್ಲ ತಾವಾಗಿ ನಿಲ್ಲಬೇಕು. ಸಣ್ಣ ಅಂಗಡಿಗಳು ಎಡವುವುದು ಇಲ್ಲೇ. ಗ್ರಾಹಕಿ ಮರುದಿನ ವಾಟ್ಸ್‌ಆಪ್‌ನಲ್ಲಿ ಮಾತನಾಡಿ ಕ್ಯಾಷ್ ಆನ್ ಡೆಲಿವರಿಗೆ ಆರ್ಡರ್ ಕೊಟ್ಟಿರುತ್ತಾರೆ. ಅದನ್ನು ವ್ಯವಸ್ಥೆಗೆ ಯಾರೂ ತುಂಬಿರುವುದಿಲ್ಲ. ಕುರ್ತಾ ಮನೆ ತಲುಪಿದ ಮೇಲೂ ‘ನೀವು ಕುರ್ತಾ ಮರೆತಿರಿ’ ಎಂಬ ಪತ್ರ ಹೋಗುತ್ತದೆ.

ಮೊದಲ ಪತ್ರ ಸಾಮಾನ್ಯವಾಗಿ ಒಂದರಿಂದ ನಾಲ್ಕು ಗಂಟೆಯೊಳಗೆ ಹೋಗುವುದು ವಾಡಿಕೆ. ಹತ್ತು ನಿಮಿಷಕ್ಕೇ ಕಳಿಸಿದರೆ ಹಿಂದೆಯೇ ಯಾರೋ ನಿಂತು ನೋಡುತ್ತಿದ್ದಂತೆ ಕಸಿವಿಸಿಯಾಗುತ್ತದೆ. ಎರಡು ದಿನ ಬಿಟ್ಟರೆ ಅವರು ಬೇರೆ ಕಡೆ ಕೊಂಡು ಮುಗಿಸಿರುತ್ತಾರೆ. ಆದರೆ ನಮ್ಮ ಉದಾಹರಣೆಯಲ್ಲಿ ಒಂದು ಗಂಟೆ ಎಂದರೆ ರಾತ್ರಿ 11.45. ಹಾಗಾಗಿ ರಾತ್ರಿ ಒಂಬತ್ತರ ಮೇಲೆ ಹೋಗಬೇಕಾದ ಪತ್ರಗಳನ್ನು ತಡೆದು ಬೆಳಗ್ಗೆ ಒಂಬತ್ತಕ್ಕೆ ಬಿಡುವುದು ಒಳ್ಳೆಯದು.

ಈ ಪತ್ರದ ಧ್ವನಿ ಕೌಂಟರಿನಲ್ಲಿ ಕುಳಿತ ಸಹಾಯಕರದ್ದಾಗಿರಬೇಕು. ‘ನೀವು ಆರಿಸಿದ ನೀಲಿ ಕುರ್ತಾ, ಮೀಡಿಯಂ, ಕಾರ್ಟಿನಲ್ಲಿ ಹಾಗೇ ಇದೆ. ಹಣ ಕಟ್ಟುವಾಗ ತೊಂದರೆಯಾಗಿದ್ದರೆ ಈ ಪತ್ರಕ್ಕೇ ಉತ್ತರಿಸಿ.’ ಚಿತ್ರ, ಬೆಲೆ, ಡೆಲಿವರಿ ಸೇರಿ ಒಟ್ಟು 1,370 ರೂಪಾಯಿ, ಒಂದು ಬಟನ್. ಇಷ್ಟು ಸಾಕು. ಆ ಬಟನ್ ಒತ್ತಿದರೆ ತುಂಬಿದ ಕಾರ್ಟೇ ತೆರೆಯಬೇಕು, ಅಂಗಡಿಯ ಮುಖಪುಟವಲ್ಲ. ಫೋನಿನಲ್ಲಿ ಆರಿಸಿದವರು ಪತ್ರವನ್ನು ಆಫೀಸಿನ ಕಂಪ್ಯೂಟರಿನಲ್ಲಿ ತೆರೆದರೆ ಕಾರ್ಟ್ ಖಾಲಿ ಕಾಣುವ ದೋಷ ಅಪರೂಪವಲ್ಲ. ಅಂಗಡಿಯವರು ತಾವೇ ಎರಡು ಸಾಧನಗಳಲ್ಲಿ ಪರೀಕ್ಷಿಸಿ ನೋಡಬೇಕು.

‘ಮರೆತಿರಿ’ ಎಂಬ ಮಾತನ್ನು ಇಲ್ಲಿ ಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಎಷ್ಟೋ ಜನ ಬಿಟ್ಟುಹೋದವರಲ್ಲ, ಯುಪಿಐ ಕೈಕೊಟ್ಟವರು. ಖಾತೆಯಿಂದ ಹಣ ಕಡಿತವಾಗಿ, ಅಂಗಡಿಗೆ ದೃಢೀಕರಣ ತಲುಪದೆ, ಆರ್ಡರ್ ಆಗಿರುವುದಿಲ್ಲ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ ಇಂಥ ಹಣ ವ್ಯವಹಾರದ ದಿನದಿಂದ ಐದು ದಿನದೊಳಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹಣ ಕಳೆದುಕೊಂಡೆನೋ ಎಂಬ ಆತಂಕದಲ್ಲಿರುವವರಿಗೆ ‘ಬೇಗ ಕೊಳ್ಳಿ’ ಎನ್ನುವ ಪತ್ರ ಹೋಗಬಾರದು. ಪಾವತಿ ವಿಫಲವಾದವರಿಗೆ ಬೇರೆಯದೇ ಪತ್ರ ಬೇಕು. ಅದರಲ್ಲಿ ಈ ನಿಯಮವನ್ನು ಎರಡು ಸಾಲಿನಲ್ಲಿ ತಿಳಿಸಿ, ಮಾತನಾಡಲು ಒಂದು ಫೋನ್ ನಂಬರ್ ಕೊಡಬೇಕು.

ಎರಡನೆಯ ಪತ್ರ ಸುಮಾರು ಒಂದು ದಿನ ಕಳೆದ ಮೇಲೆ. ಧಾರವಾಡದ ಗ್ರಾಹಕಿಗೆ ಮಾರನೆಯ ದಿನ ಸಂಜೆ ಎಂಟರ ಹೊತ್ತಿಗೆ ಕಳಿಸಬಹುದು. ಬಟ್ಟೆ ಅಂಗಡಿಗೆ ಮೂರರಲ್ಲಿ ಇದೇ ಮುಖ್ಯ ಪತ್ರ, ಏಕೆಂದರೆ ಅಳತೆಯ ಅನುಮಾನ ತೀರುವುದು ಇಲ್ಲಿ. ‘ನಿಮಗೆ ಸರಿಹೊಂದುವ ಹಳೆಯ ಕುರ್ತಾವೊಂದನ್ನು ನೆಲದ ಮೇಲೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಟೇಪ್ ಹಿಡಿಯಿರಿ. 20 ಇಂಚು ಬಂದರೆ ನಮ್ಮ ಮೀಡಿಯಂ, 21 ಬಂದರೆ ಲಾರ್ಜ್.’ ‘ಸೈಜ್ ಚಾರ್ಟ್ ನೋಡಿ’ ಎನ್ನುವುದಕ್ಕಿಂತ ಇದು ಎಷ್ಟೋ ಮೇಲು. ಜೊತೆಗೆ ಹಗಲಿನ ಬೆಳಕಿನಲ್ಲಿ ತೆಗೆದ ಒಂದು ಫೋಟೋ, ಮೊದಲ ಒಗೆತಕ್ಕೆ ಬಟ್ಟೆ ಕುಗ್ಗುತ್ತದೆಯೇ ಎಂಬ ನೇರ ಮಾತು, ಸೈಜ್ ಬದಲಿಸಲು ಎಷ್ಟು ದಿನ ಇದೆ ಮತ್ತು ವಾಪಸ್ ಕಳಿಸುವ ಖರ್ಚು ಯಾರದು ಎಂಬ ವಿವರ ಇರಲಿ. ಕುಗ್ಗುವುದಾದರೆ ಕುಗ್ಗುತ್ತದೆ ಎಂದೇ ಬರೆಯಬೇಕು. ತಪ್ಪು ಅಳತೆಯಲ್ಲಿ ಹೋದ ಕುರ್ತಾ ಎರಡು ಕಡೆಯ ಕೊರಿಯರ್ ಖರ್ಚು ಹೊತ್ತು ಮರಳಿ ಬರುತ್ತದೆ.

ಮೂರನೆಯದು ಮೂರನೇ ದಿನ, ಅದೇ ಕೊನೆಯದು. ಕಳಿಸುವ ಮುನ್ನ ಆ ಸೈಜ್ ಸ್ಟಾಕಿನಲ್ಲಿದೆಯೇ ಎಂದು ವ್ಯವಸ್ಥೆಯೇ ನೋಡಬೇಕು. ರಿಯಾಯಿತಿ ಕೊಡುವುದಿದ್ದರೆ ಅದಕ್ಕೂ ಇದೇ ಜಾಗ. ಮೊದಲ ಪತ್ರದಲ್ಲೇ ಕೂಪನ್ ಇಟ್ಟರೆ ಗ್ರಾಹಕರು ಬೇಗ ಕಲಿಯುತ್ತಾರೆ: ಕಾರ್ಟ್ ತುಂಬಿ ಬಿಟ್ಟರೆ ಬೆಲೆ ಇಳಿಯುತ್ತದೆ. ಲೆಕ್ಕವನ್ನೂ ನೋಡಿ. ಆ ಕುರ್ತಾದ ತಯಾರಿಕೆ, ಪ್ಯಾಕಿಂಗ್ ಎಲ್ಲ ಕಳೆದು ಅಂಗಡಿಗೆ 450 ರೂಪಾಯಿ ಉಳಿಯುತ್ತದೆ ಎಂದುಕೊಳ್ಳೋಣ. ಶೇ. 10 ರಿಯಾಯಿತಿ ಎಂದರೆ 129 ರೂಪಾಯಿ, ಲಾಭದ ಕಾಲು ಭಾಗಕ್ಕಿಂತ ಹೆಚ್ಚು. ಡೆಲಿವರಿ ಶುಲ್ಕ ಬಿಟ್ಟರೆ ಹೋಗುವುದು 80. ಗ್ರಾಹಕಿ ನಿಂತದ್ದೂ ಆ 80 ರೂಪಾಯಿ ಕಂಡಾಗಲೇ.

ಈ ಕೊನೆಯ ಪತ್ರದಲ್ಲೇ ಧ್ವನಿ ಹೆಚ್ಚಾಗಿ ಕೆಡುವುದು. ‘ಎರಡೇ ಪೀಸ್ ಉಳಿದಿವೆ’ ಎಂದು ಬರೆಯಬೇಕಾದರೆ ಗೋದಾಮಿನಲ್ಲಿ ಎರಡೇ ಇರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡ ಎಂದವರನ್ನು ನಾಚಿಸುವುದು, ಪದೇ ಪದೇ ಪೀಡಿಸುವುದು ಎಲ್ಲವೂ ಅದರಲ್ಲಿವೆ. ‘ಚೆನ್ನಾಗಿ ಕಾಣುವುದು ನಿಮಗೆ ಇಷ್ಟವಿಲ್ಲವೇ?’ ಎಂಬ ಸಾಲು ತಮಾಷೆಯೆನಿಸಿದರೂ ನಾಚಿಸುವ ಸಾಲೇ. ಬದಲಿಗೆ, ‘ಇದು ಈ ಕುರ್ತಾದ ಬಗ್ಗೆ ನಮ್ಮ ಕೊನೆಯ ಪತ್ರ. ಭಾನುವಾರ ರಾತ್ರಿಯವರೆಗೆ ಡೆಲಿವರಿ ಉಚಿತ’ ಎಂದರೆ ಮುಗಿಯಿತು. ಭಾನುವಾರ ಕಳೆದ ಮೇಲೆ ಆ ಸೌಲಭ್ಯ ನಿಜವಾಗಿಯೂ ನಿಲ್ಲಬೇಕು.

ಪತ್ರಗಳು ಕೆಲಸ ಮಾಡಿದವೇ ಎಂದು ತಿಳಿಯಲು ಎಷ್ಟು ಜನ ತೆರೆದರು ಎಂಬ ಅಂಕಿ ಈಗ ನಂಬಿಕೆಗೆ ಯೋಗ್ಯವಲ್ಲ. 2021ರಿಂದ ಆ್ಯಪಲ್ ಮೇಲ್‌ನಲ್ಲಿರುವ ಖಾಸಗಿತನದ ಸೌಲಭ್ಯ, ಓದದ ಪತ್ರವನ್ನೂ ತೆರೆದಂತೆ ತೋರಿಸುತ್ತದೆ. ಪತ್ರದ ನಂತರ ಬಂದ ಆರ್ಡರುಗಳನ್ನೆಲ್ಲ ಪತ್ರದ ಲೆಕ್ಕಕ್ಕೆ ಬರೆಯುವುದೂ ತಪ್ಪು, ಏಕೆಂದರೆ ಅವರಲ್ಲಿ ಕೆಲವರು ಹೇಗೂ ಮರಳಿ ಬರುತ್ತಿದ್ದರು. ಸರಿಯಾದ ದಾರಿ ಎಂದರೆ ಕಾರ್ಟ್ ಬಿಟ್ಟವರಲ್ಲಿ ಅರ್ಧ ಜನಕ್ಕೆ, ಯಾರೆಂದು ಆರಿಸದೆ, ಪತ್ರವನ್ನೇ ಕಳಿಸದಿರುವುದು. ಪತ್ರ ಪಡೆದ 500 ಮಂದಿಯಲ್ಲಿ 50 ಜನ ಕೊಂಡು, ಪಡೆಯದ 500ರಲ್ಲಿ 30 ಜನ ಕೊಂಡರೆ, ಪತ್ರಗಳ ಗಳಿಕೆ 20 ಕುರ್ತಾ. ಸಾಫ್ಟ್‌ವೇರಿನ ವರದಿ 50 ಎಂದೇ ತೋರಿಸುತ್ತಿರುತ್ತದೆ. ರಿಯಾಯಿತಿಗೆ, ಉಚಿತ ಡೆಲಿವರಿಗೆ ಎಷ್ಟು ಹಣ ಬಿಡಬಹುದು ಎಂಬುದನ್ನು ಅಂಗಡಿಯವರು ಆ 20ರ ಮೇಲೆಯೇ ನಿರ್ಧರಿಸಬೇಕಾಗುತ್ತದೆ.