ಎರಡೇ ಬಸ್ಸು ಉಳಿದಾಗ ನಿಂತುಹೋಗುವ ಹುಡುಕಾಟ

ಒಂದು ಊರಿನಿಂದ ಪೇಟೆಗೆ ದಿನಕ್ಕೆ ಎಂಟು ಬಸ್ಸುಗಳಿವೆ ಎಂದಿಟ್ಟುಕೊಳ್ಳೋಣ. ಅವು ಹೊರಡುವ ಸಮಯ ಹೀಗಿದೆ: 6:00, 7:15, 8:30, 9:45, 11:00, 12:15, 13:30, 15:00. ಈಗ ಗಂಟೆ ಹತ್ತೂವರೆ. ಕೊನೆಯದಾಗಿ ಹೊರಟ ಬಸ್ಸು ಯಾವುದು? ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದವರು ಯಾರೇ ಆದರೂ 9:45ರದ್ದು ಎನ್ನುತ್ತಾರೆ. ಇದೇ ಪ್ರಶ್ನೆಗೆ ಉತ್ತರ ಹುಡುಕಲು ಬರೆದ ಆರೇಳು ಸಾಲಿನ ಪ್ರೋಗ್ರಾಂ ಮಾತ್ರ ಕೆಲವೊಮ್ಮೆ ಉತ್ತರವನ್ನೇ ಕೊಡದೆ, ಯಾರಾದರೂ ಬಲವಂತವಾಗಿ ನಿಲ್ಲಿಸುವ ತನಕ ಸುತ್ತುತ್ತಲೇ ಇರುತ್ತದೆ.

ಆ ಪ್ರೋಗ್ರಾಂ ಬಳಸುವ ವಿಧಾನದ ಹೆಸರು ಬೈನರಿ ಸರ್ಚ್. ನಿಘಂಟಿನಲ್ಲಿ ಪದ ಹುಡುಕುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಪುಸ್ತಕವನ್ನು ನಡುವೆ ತೆರೆಯುತ್ತಾರೆ, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡುತ್ತಾರೆ, ಬೇಡದ ಅರ್ಧವನ್ನು ಬಿಡುತ್ತಾರೆ. ಪಟ್ಟಿ ಏರಿಕೆಯ ಕ್ರಮದಲ್ಲಿದ್ದರೆ ಸಾಕು, ಹತ್ತು ಲಕ್ಷ ಹೆಸರುಗಳ ನಡುವೆಯೂ ಸುಮಾರು ಇಪ್ಪತ್ತು ಬಾರಿ ನೋಡುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಕಂಪ್ಯೂಟರ್ ಇದಕ್ಕಾಗಿ ಎರಡು ಗುರುತುಗಳನ್ನು ಇಟ್ಟುಕೊಳ್ಳುತ್ತದೆ. ಹುಡುಕಬೇಕಾದ ಭಾಗದ ಎಡ ತುದಿ `lo`, ಬಲ ತುದಿ `hi`. ಇವೆರಡರ ನಡುವಿನ ಸ್ಥಾನ `mid`.

ಬಸ್ಸಿನ ಪ್ರಶ್ನೆಗೆ ಹೊಸಬರು ಸಾಮಾನ್ಯವಾಗಿ ಬರೆಯುವ ಕೋಡ್ ಇದು. ಸ್ಥಾನಗಳ ಎಣಿಕೆ ಸೊನ್ನೆಯಿಂದ ಶುರು, ಅಂದರೆ 6:00ರ ಬಸ್ಸು 0, 15:00ರದ್ದು 7.

```python
lo, hi = 0, len(t) - 1
while lo < hi:
    mid = (lo + hi) // 2
    if t[mid] <= x:
        lo = mid
    else:
        hi = mid - 1
```

ಓದಿದರೆ ಎಲ್ಲವೂ ಸರಿಯೆಂದೇ ಕಾಣುತ್ತದೆ. ನಡುವಿನ ಬಸ್ಸು ಆಗಲೇ ಹೊರಟಿದ್ದರೆ ಅದೇ ಉತ್ತರವಿರಬಹುದು, ಹಾಗಾಗಿ ಅದನ್ನು ಉಳಿಸಿಕೊಂಡು ಬಲಕ್ಕೆ ನೋಡಬೇಕು. ಇನ್ನೂ ಹೊರಟಿಲ್ಲವಾದರೆ ಅದನ್ನೂ ಸೇರಿಸಿ ಬಲಭಾಗವನ್ನೆಲ್ಲ ಬಿಡಬೇಕು. ತರ್ಕದಲ್ಲಿ ಕೊರತೆಯಿಲ್ಲ.

ಹತ್ತೂವರೆಯನ್ನು ಕೊಟ್ಟು ಒಂದೊಂದೇ ಹೆಜ್ಜೆ ನಡೆಸಿ ನೋಡೋಣ. ಮೊದಲು `lo` 0, `hi` 7. ಮೊತ್ತದ ಅರ್ಧ ಮೂರೂವರೆ, `//` ಭಿನ್ನವನ್ನು ಕೈಬಿಡುವುದರಿಂದ `mid` 3. ಅಲ್ಲಿರುವುದು 9:45, ಹೊರಟಾಗಿದೆ. `lo` 3 ಆಯಿತು. ಈಗ 3 ಮತ್ತು 7ರ ನಡುವೆ 5. ಅಲ್ಲಿ 12:15, ಇನ್ನೂ ಹೊರಟಿಲ್ಲ. `hi` 4 ಆಯಿತು. ಉಳಿದದ್ದು ಎರಡೇ ಬಸ್ಸು, 9:45 ಮತ್ತು 11:00. ಮೂರು ಮತ್ತು ನಾಲ್ಕರ ಮೊತ್ತ ಏಳು, ಅರ್ಧ ಮೂರೂವರೆ, ಭಿನ್ನ ಬಿಟ್ಟರೆ ಮತ್ತೆ 3. ಆ ಬಸ್ಸು ಹೊರಟಿದೆ, ಆದ್ದರಿಂದ `lo` 3. ಆದರೆ `lo` ಮೊದಲೇ 3 ಆಗಿತ್ತು! ಏನೂ ಬದಲಾಗಲಿಲ್ಲ. ಮುಂದಿನ ಸುತ್ತಿನಲ್ಲೂ ಅದೇ ಲೆಕ್ಕ, ಅದೇ ಉತ್ತರ, ಅದೇ ಜಾಗ.

ತೊಂದರೆಯ ಬೇರು ಭಿನ್ನವನ್ನು ಕೈಬಿಡುವ ಆ ಚಿಕ್ಕ ಕ್ರಿಯೆಯಲ್ಲಿದೆ. ಎರಡೇ ಸ್ಥಾನ ಉಳಿದಾಗ ಅದು `mid` ಅನ್ನು ಯಾವಾಗಲೂ ಎಡತುದಿಗೇ ತಂದು ನಿಲ್ಲಿಸುತ್ತದೆ. ಎಡತುದಿಯನ್ನು `mid`ಗೆ ಸರಿಸು ಎಂದರೆ ಇದ್ದಲ್ಲೇ ಇರು ಎಂದಂತಾಯಿತು. ಇದಕ್ಕೆ ಮದ್ದು, ನಡುವನ್ನು ಬಲಕ್ಕೆ ವಾಲಿಸುವುದು:

```python
    mid = (lo + hi + 1) // 2
```

ಈಗ 3 ಮತ್ತು 4ರ ನಡುವೆ ಸಿಗುವುದು 4. ಅಲ್ಲಿನ 11:00ರ ಬಸ್ಸು ಹೊರಟಿಲ್ಲ, `hi` 3ಕ್ಕೆ ಇಳಿಯುತ್ತದೆ, ಎರಡು ತುದಿಗಳೂ ಒಂದಾಗಿ ಲೂಪ್ ಮುಗಿಯುತ್ತದೆ. ಹಾಗೆಂದು ಒಂದನ್ನು ಕೂಡಿಸುವುದನ್ನು ಎಲ್ಲೆಡೆಗೂ ಸೂತ್ರ ಮಾಡಿಕೊಂಡರೆ ಪೆಟ್ಟು ತಿನ್ನಬೇಕಾಗುತ್ತದೆ. ಹೊರಡಲಿರುವ ಮೊದಲ ಬಸ್ಸನ್ನು ಹುಡುಕುವಾಗ ಸಾಲುಗಳು `hi = mid` ಮತ್ತು `lo = mid + 1` ಎಂದಿರುತ್ತವೆ. ಅಲ್ಲಿ ಬಲಕ್ಕೆ ವಾಲಿದ ನಡುವೇ ಲೂಪನ್ನು ಸಿಕ್ಕಿಸುತ್ತದೆ, ಹಳೆಯ ಎಡವಾಲಿಕೆಯೇ ಸರಿ. `mid` ಅನ್ನು ಯಾವ ತುದಿಗೆ ಹಾಗೆಯೇ ಕೊಡುತ್ತೇವೆಯೋ, ನಡುವು ಅದರ ಎದುರು ದಿಕ್ಕಿಗೆ ವಾಲಬೇಕು. ಇನ್ನೊಂದು ಎಚ್ಚರವೂ ಬೇಕು. ಬೆಳಗಿನ ಐದು ಗಂಟೆಯನ್ನು ಕೊಟ್ಟರೆ ತಿದ್ದಿದ ಕೋಡ್ ಕೂಡ 0ನೇ ಸ್ಥಾನದಲ್ಲಿ ನಿಲ್ಲುತ್ತದೆ. ಆ ಬಸ್ಸು ನಿಜಕ್ಕೂ ಹೊರಟಿದೆಯೇ ಎಂದು ಕೊನೆಯಲ್ಲಿ ಒಮ್ಮೆ ನೋಡದಿದ್ದರೆ ಐದು ಗಂಟೆಗೇ 6:00ರ ಬಸ್ಸು ಹೋಗಿಬಿಟ್ಟಂತೆ ಉತ್ತರ ಬರುತ್ತದೆ.

ಲೂಪ್ ನಿಲ್ಲದಿದ್ದರೆ ಕಡೇಪಕ್ಷ ಗೊತ್ತಾಗುತ್ತದೆ. ಎರಡನೆಯ ಬಗೆಯ ತಪ್ಪು ಸದ್ದಿಲ್ಲದ್ದು. ಇಂಥ ಸಮಯಕ್ಕೆ ಬಸ್ಸು ಇದೆಯೇ ಇಲ್ಲವೇ ಎಂದಷ್ಟೇ ಕೇಳುವ ಪ್ರೋಗ್ರಾಂ ನಡುವಿನದನ್ನು ನೋಡಿ, ಅದಲ್ಲವಾದರೆ `lo = mid + 1` ಅಥವಾ `hi = mid - 1` ಎಂದು ಮುಂದುವರಿಯುತ್ತದೆ. ಇಲ್ಲಿ ಲೂಪಿನ ಷರತ್ತು `lo <= hi` ಇರಬೇಕು. ಅದರ ಬದಲು `lo < hi` ಎಂದು ಬರೆದರೆ, ಒಂದೇ ಬಸ್ಸು ಉಳಿದ ಕ್ಷಣ ಪ್ರೋಗ್ರಾಂ ಅದನ್ನು ನೋಡದೆಯೇ ಇಲ್ಲ ಎಂದುಬಿಡುತ್ತದೆ. ನಮ್ಮ ಪಟ್ಟಿಯಲ್ಲಿ ಪ್ರಯತ್ನಿಸಿದರೆ 7:15, 9:45, 12:15, 13:30 ಸಿಗುತ್ತವೆ. ಪಟ್ಟಿಯಲ್ಲೇ ಇರುವ 6:00, 8:30, 11:00, 15:00 ಇಲ್ಲವೆಂದು ಉತ್ತರ ಬರುತ್ತದೆ. ಎಂಟರಲ್ಲಿ ನಾಲ್ಕು ಮಾಯ. ಬರೆದವರು 9:45 ಒಂದನ್ನು, ಜೊತೆಗೆ ಪಟ್ಟಿಯಲ್ಲಿಲ್ಲದ ಒಂದು ಸಮಯವನ್ನು ಕೊಟ್ಟು ಪರೀಕ್ಷಿಸಿದ್ದರೆ ಎರಡಕ್ಕೂ ಸರಿಯುತ್ತರ ಬಂದು, ಕೋಡ್ ಪಾಸಾಗಿರುತ್ತದೆ.

ಇಂಥ ತಪ್ಪುಗಳು ಹೊಸಬರಿಗಷ್ಟೇ ಮೀಸಲಲ್ಲ. ಬೈನರಿ ಸರ್ಚ್ ಮೊದಲು ಪ್ರಕಟವಾದದ್ದು 1946ರಲ್ಲಿ, ದೋಷವಿಲ್ಲದ ರೂಪ ಅಚ್ಚಾದದ್ದು 1962ರಲ್ಲಿ ಎಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಗುರುತಿಸಿದ್ದಾರೆ. ಜಾನ್ ಬೆಂಟ್ಲಿ ತಮ್ಮ ತರಗತಿಗೆ ಬಂದ ವೃತ್ತಿಪರ ಪ್ರೋಗ್ರಾಮರುಗಳಿಗೆ ಇದನ್ನೇ ಬರೆಯಲು ಕೊಟ್ಟಾಗ, ಬೇಕಾದಷ್ಟು ಸಮಯವಿದ್ದರೂ ಹೆಚ್ಚಿನವರ ಕೋಡಿನಲ್ಲಿ ದೋಷ ಸಿಕ್ಕಿತು. ಆದರೆ ಅದೇ ಬೆಂಟ್ಲಿ ತಮ್ಮ ಪುಸ್ತಕದಲ್ಲಿ ಹೆಜ್ಜೆಹೆಜ್ಜೆಗೂ ಸರಿಯೆಂದು ಸಾಧಿಸಿ ತೋರಿಸಿದ್ದ ಕೋಡಿನಲ್ಲೂ ಒಂದು ಬಿರುಕಿತ್ತು. 2006ರಲ್ಲಿ ಜಾಶುವಾ ಬ್ಲಾಕ್ ಅದನ್ನು ಬಯಲಿಗಿಟ್ಟರು. ಅವರೇ ಬರೆದಿದ್ದ ಜಾವಾ ಭಾಷೆಯ ಸಿದ್ಧ ಕೋಡಿನಲ್ಲೂ ಅದು ವರ್ಷಗಟ್ಟಲೆ ಅಡಗಿತ್ತು.

ಬಿರುಕಿದ್ದದ್ದು ನಡುವನ್ನು ಲೆಕ್ಕ ಹಾಕುವ ಸಾಲಿನಲ್ಲೇ. ಜಾವಾದ ಸಾಮಾನ್ಯ ಪೂರ್ಣಾಂಕ 2147483647ರವರೆಗೆ ಮಾತ್ರ ಎಣಿಸಬಲ್ಲದು. ದೊಡ್ಡ ಪಟ್ಟಿಯಲ್ಲಿ `lo` 150 ಕೋಟಿ, `hi` 200 ಕೋಟಿ ಇದ್ದರೆ ಎರಡೂ ಮಿತಿಯೊಳಗೇ ಇವೆ. ಕೂಡಿಸಿದ 350 ಕೋಟಿ ಮಾತ್ರ ಮಿತಿ ದಾಟಿ, ಮೀಟರು ಸುತ್ತು ಬಂದಂತೆ ಋಣ ಸಂಖ್ಯೆಯಾಗುತ್ತದೆ. `mid` -397483648 ಎಂದು ಬಂದು, ಅಂಥ ಸ್ಥಾನವೇ ಇಲ್ಲವೆಂದು ಪ್ರೋಗ್ರಾಂ ಮುರಿದು ಬೀಳುತ್ತದೆ. ತುದಿಗಳನ್ನು ಕೂಡಿಸದೆ ಅಂತರದ ಅರ್ಧವನ್ನು ಎಡತುದಿಗೆ ಸೇರಿಸಿದರೆ ಈ ಅಪಾಯವಿಲ್ಲ:

```java
int mid = lo + (hi - lo) / 2;
```

ಪೈಥಾನಿನ ಪೂರ್ಣಾಂಕಕ್ಕೆ ಇಂಥ ಮಿತಿಯಿಲ್ಲ, ಹಾಗಾಗಿ ನಮ್ಮ ಬಸ್ಸಿನ ಕೋಡಿಗೆ ಈ ಭಯವಿಲ್ಲ.

ನೂರು ಕೋಟಿ ಮೀರಿದ ಪಟ್ಟಿಯಲ್ಲಷ್ಟೇ ಕಾಣುವ ಈ ದೋಷವನ್ನು ಸಾಲು ಓದಿಯೇ ಹಿಡಿಯಬೇಕು. ತುದಿ ಸರಿಸುವ ತಪ್ಪುಗಳಿಗೆ ದೊಡ್ಡ ಪಟ್ಟಿ ಬೇಕಿಲ್ಲ. ಖಾಲಿ ಪಟ್ಟಿಯಿಂದ ಹಿಡಿದು ಹತ್ತು ಅಂಶಗಳ ಪಟ್ಟಿಯವರೆಗೆ, ಇರುವ ಪ್ರತಿ ಅಂಶವನ್ನೂ, ಪ್ರತಿ ಎರಡರ ನಡುವಿನ ಬೆಲೆಯನ್ನೂ, ಮೊದಲಿನದಕ್ಕಿಂತ ಚಿಕ್ಕದನ್ನೂ, ಕೊನೆಯದಕ್ಕಿಂತ ದೊಡ್ಡದನ್ನೂ ಹುಡುಕಿಸಿ, ಒಂದೊಂದಾಗಿ ನೋಡುತ್ತಾ ಹೋಗುವ ಸರಳ ಹುಡುಕಾಟದ ಉತ್ತರದೊಂದಿಗೆ ಹೋಲಿಸಿದರೆ ಸಾಕು. ಮೇಲಿನ ಎರಡು ತಪ್ಪುಗಳಿಗೆ ಅಷ್ಟೂ ಬೇಡ. 6:00ರದ್ದೊಂದೇ ಬಸ್ಸಿರುವ ಪಟ್ಟಿ ಕೊಟ್ಟು ಅದನ್ನೇ ಕೇಳಿದರೆ, `lo < hi` ಬರೆದ ಪ್ರೋಗ್ರಾಂ ಇಲ್ಲ ಎನ್ನುತ್ತದೆ. ಅದಕ್ಕೆ 7:15ರದ್ದನ್ನು ಸೇರಿಸಿ ಏಳು ಗಂಟೆಯನ್ನು ಕೇಳಿದರೆ, ನಮ್ಮ ಮೊದಲ ಪ್ರೋಗ್ರಾಂ ಆ ಎರಡು ಬಸ್ಸುಗಳ ನಡುವೆಯೇ ಸುತ್ತಲು ತೊಡಗುತ್ತದೆ.