ಪ್ರೊಜೆಕ್ಟರ್ ಈಗ ಯಾರ ಮನೇಲಿದೆ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗೂ ಸೇರಿ ಒಂದು ಪ್ರೊಜೆಕ್ಟರ್, ಎರಡು ಸ್ಪೀಕರ್, ಎರಡು ಕಾರ್ಡ್‌ಲೆಸ್ ಮೈಕ್ ಇವೆ. ನವೆಂಬರ್ ಬಂತೆಂದರೆ ಎಲ್ಲರಿಗೂ ಅವೇ ಬೇಕು. ಯಾರು ಯಾವಾಗ ಒಯ್ಯುತ್ತಾರೆ ಅಂತ ಬರೆದಿಡೋ ಕೆಲಸ ಎರಡು ವರ್ಷದಿಂದ ನನ್ನದು.

ಒಂದೇ ದಿನಕ್ಕೆ ಇಬ್ಬರು ಕೇಳಿದರೆ ಅದು ದೊಡ್ಡ ತಲೆನೋವಲ್ಲ. ಇಬ್ಬರನ್ನೂ ಕೂರಿಸಿ ಮಾತಾಡಿದರೆ ಮುಗೀತು. ನಿಜವಾದ ಪೇಚು ಬರೋದು ಪಟ್ಟಿಯಲ್ಲಿ ಎಲ್ಲವೂ ಸರಿಯಾಗಿ ಕಾಣುವಾಗ. ಒಮ್ಮೆ ಹೀಗಾಯ್ತು: ಶನಿವಾರ ಸಂಜೆ 5ರಿಂದ 9 ರಾಜ್ಯೋತ್ಸವ, ಭಾನುವಾರ ಬೆಳಗ್ಗೆ 10.30ಕ್ಕೆ ಬಿ ಬ್ಲಾಕಿನ ಆಂಟಿಯ ಮಗಳ ಸೀಮಂತ. ನಡುವೆ ಹದಿಮೂರೂವರೆ ಗಂಟೆ ಬಿಡುವು. ಆದರೆ ರಾಜ್ಯೋತ್ಸವ ಮುಗಿಸಿದವರು ಬ್ಯಾಗನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಲಗಿದರು, ಬೆಳಗಿನ ಜಾವವೇ ತುಮಕೂರಿಗೆ ಹೊರಟರು. ಸೀಮಂತದ ಫೋಟೋಗಳನ್ನು ಕೊನೆಗೆ ಯಾರದೋ ಮನೆ ಟಿವಿ ಹೊತ್ತು ತಂದು ತೋರಿಸಿದರು.

ಅಲ್ಲಿಂದ ನಾವು ಕಾರ್ಯಕ್ರಮದ ಸಮಯ ಬರೆಯೋದನ್ನೇ ಬಿಟ್ಟೆವು. ಈಗ ಬರೆಯೋದು ಎರಡೇ: ಸಾಮಾನು ಕಪಾಟಿನಿಂದ ಹೊರಗೆ ಹೋಗೋ ಹೊತ್ತು, ಪರೀಕ್ಷೆಯಾಗಿ ಮತ್ತೆ ಕಪಾಟು ಸೇರೋ ಹೊತ್ತು. ಹಾಗೆ ಬರೆದಿದ್ದರೆ ರಾಜ್ಯೋತ್ಸವದ ಸಾಲು ಶನಿವಾರ 3ಕ್ಕೆ ಶುರುವಾಗಿ ಭಾನುವಾರ 11ಕ್ಕೆ ಮುಗೀತಿತ್ತು. ಸೀಮಂತದವರಿಗೆ ಬೆಳಗ್ಗೆ 9ಕ್ಕೇ ಬೇಕು. ಡಿಕ್ಕಾಟ ಹದಿನೈದು ದಿನ ಮುಂಚೆಯೇ ಕಣ್ಣಿಗೆ ಬೀಳ್ತಿತ್ತು, ‘ರಾತ್ರಿ 10ಕ್ಕೇ ತಂದುಕೊಡಿ ಸರ್’ ಅಂತ ಕೇಳಬಹುದಿತ್ತು.

ಗೂಗಲ್ ಶೀಟಿನಲ್ಲಿ A ಕಾಲಮ್ಮಿಗೆ ಸಾಮಾನಿನ ಹೆಸರು, B ಗೆ ಒಯ್ಯುವ ದಿನ-ಸಮಯ, C ಗೆ ವಾಪಸ್ ದಿನ-ಸಮಯ ಹಾಕಿ. D2 ನಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
=SUMPRODUCT(($A$2:$A$200=A2)*($B$2:$B$200<C2)*($C$2:$C$200>B2))>1
```

ಒಂದು ಬುಕಿಂಗ್ ಮುಗಿಯೋ ಮೊದಲೇ ಅದೇ ಸಾಮಾನಿಗೆ ಇನ್ನೊಂದು ಶುರುವಾದರೆ ಎರಡೂ ಸಾಲಿನಲ್ಲಿ TRUE ಬರುತ್ತೆ. ‘ಶನಿವಾರ ಸಂಜೆ’ ಅಂತ ಅಕ್ಷರದಲ್ಲಿ ಬರೆದರೆ ಈ ಲೆಕ್ಕ ನಡೆಯಲ್ಲ. ತಾರೀಖು, ಗಂಟೆ ಅಂಕಿಯಲ್ಲೇ ಇರಬೇಕು. ಪ್ರತಿ ಸಾಮಾನಿಗೂ ಒಂದೇ ಹೆಸರು ಬಳಸಿ. ಒಬ್ಬರು ‘ಸ್ಪೀಕರ್’, ಇನ್ನೊಬ್ಬರು ‘ಸೌಂಡ್ ಬಾಕ್ಸ್’ ಅಂತ ಬರೆದರೆ ಶೀಟ್‌ಗೆ ಅವು ಬೇರೆ ಬೇರೆ.

ಇನ್ನು ವಾಪಸ್ ಬಂದದ್ದನ್ನು ನೋಡೋ ಮಾತು. ಎಣಿಸಿ ಇಟ್ಟುಕೊಂಡರೆ ಸಾಲದು, ಪ್ಲಗ್ ಹಾಕಿ ಆನ್ ಮಾಡಲೇಬೇಕು. ಪ್ರೊಜೆಕ್ಟರಿನ ಮೆನುವಿನಲ್ಲಿ ಬಲ್ಬ್ ಎಷ್ಟು ಗಂಟೆ ಉರಿದಿದೆ ಅಂತ ತೋರಿಸುತ್ತೆ. ಆ ಅಂಕಿಯನ್ನು ಕೊಡುವಾಗಲೂ ತಗೊಳ್ಳುವಾಗಲೂ ಬರೆದುಕೊಳ್ತೀವಿ. ಹೋಗುವಾಗ 1412 ಇತ್ತು ಅನ್ನಿ. ಕಾರ್ಯಕ್ರಮ ನಾಲ್ಕು ಗಂಟೆ, ಮುಂಚಿನ ಟ್ರಯಲ್ ಒಂದು ಗಂಟೆ. 1417 ಆಗಬೇಕು. 1423 ತೋರಿಸಿದರೆ ಆರು ಗಂಟೆ ಎಲ್ಲೋ ಉರಿದಿದೆ. ಕೇಳಿದರೆ ‘ರಾತ್ರಿ ಮ್ಯಾಚ್ ನೋಡಿದ್ವಿ ಕಣ್ರೀ’ ಅಂತ ನಗ್ತಾರೆ. ಜಗಳಕ್ಕಲ್ಲ, ಬಲ್ಬಿಗೆ ಎಲ್ಲರೂ ದುಡ್ಡು ಹಾಕಬೇಕಾದಾಗ ಈ ಲೆಕ್ಕ ಬೇಕಾಗುತ್ತೆ. ಬಲ್ಬಿನ ಪ್ರೊಜೆಕ್ಟರ್ ಆಫ್ ಮಾಡಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತೆ. ಅದು ನಿಲ್ಲೋ ತನಕ ಪ್ಲಗ್ ಕೀಳಬಾರದು. ಮನೆಗೆ ಹೋಗೋ ಅವಸರದಲ್ಲಿ ಇದನ್ನೇ ಎಲ್ಲರೂ ಮರೆಯೋದು. ಅದಕ್ಕೇ ಬ್ಯಾಗಿನ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೀವಿ.

ಸ್ಪೀಕರ್‌ಗಳನ್ನು ಒಂದೊಂದಾಗಿ ಕೇಳಿ. ಎರಡೂ ಒಟ್ಟಿಗೆ ಹಾಡುವಾಗ ಒಂದರ ದೋಷವನ್ನು ಇನ್ನೊಂದು ಮುಚ್ಚಿಹಾಕುತ್ತೆ. ಮೈಕಿನಲ್ಲಿ ‘ಸರಸರ, ಶಶಿ’ ಅಂತ ಹೇಳಿ ನೋಡಿ. ‘ಸ’, ‘ಶ’ ಮಂಕಾಗಿ, ಮಾತು ಕಂಬಳಿ ಹೊದ್ದಂತೆ ಕೇಳಿದರೆ ಒಳಗಿನ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಹೋಗಿರಬಹುದು. ಆಮೇಲೆ ಪ್ರತಿ ಕೇಬಲ್ಲನ್ನೂ ಪಿನ್ನಿನ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಚರಚರ ಅಂದರೆ ಅದಕ್ಕೆ ಕೆಂಪು ಟೇಪ್ ಸುತ್ತಿ ಪಕ್ಕಕ್ಕಿಡಿ, ಬ್ಯಾಗಿಗೆ ವಾಪಸ್ ಹಾಕಬೇಡಿ. ಮೈಕಿನ ಸೆಲ್ ತೆಗೆದೇ ಕಪಾಟಿಗಿಡೋದು. ಒಳಗೇ ಉಳಿದ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದರೆ ಮೈಕೇ ಹಾಳು.

ಇಷ್ಟಕ್ಕೆಲ್ಲ ಕಾಲು ಗಂಟೆ ಹಿಡಿಯುತ್ತೆ. ಆ ಕಾಲು ಗಂಟೆ ಕೊಟ್ಟವರ ಮುಂದೆಯೇ ಆಗಬೇಕು. ಮೂರು ದಿನ ಬಿಟ್ಟು ‘ರಿಮೋಟ್ ಇಲ್ವಲ್ಲ ಅಂಕಲ್’ ಅಂದರೆ ಯಾರೂ ಒಪ್ಪಲ್ಲ. ಬ್ಯಾಗಿನ ಸಾಮಾನೆಲ್ಲ ಬೆಡ್‌ಶೀಟಿನ ಮೇಲೆ ಹರಡಿ ತೆಗೆದ ಒಂದು ಫೋಟೋ ನಮ್ಮ ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ತಂದುಕೊಡುವವರು ಈಗೀಗ ತಾವೇ ಅದನ್ನು ನೋಡಿ ಜೋಡಿಸ್ತಾರೆ. ಎಚ್‌ಡಿಎಂಐ ಕೇಬಲ್ ಮಾತ್ರ ಇನ್ನೂ ಲ್ಯಾಪ್‌ಟಾಪಿನ ಜೊತೆ ಯಾರದೋ ಮನೆಗೆ ಹೋಗ್ತಾನೇ ಇರುತ್ತೆ. ಅದಕ್ಕೆ ಹಳದಿ ರಿಬ್ಬನ್ ಕಟ್ಟಿದ್ದೀವಿ.