ಮೂವತ್ತಾರು ಈಗ, ಇಪ್ಪತ್ನಾಲ್ಕು ಆಮೇಲೆ

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರಿಗೆ ಸೊಲ್ಲಾಪುರದ ಅಂಗಡಿಯಿಂದ 60 ಸೀರೆಗಳ ಆರ್ಡರ್ ಬಂದಿದೆ ಎಂದುಕೊಳ್ಳಿ. 20 ಕಪ್ಪು, 40 ಹಸಿರು. ಸೀರೆಗೆ 2,500 ರೂಪಾಯಿ, 30,000 ಮುಂಗಡ. ಕಪ್ಪು ಎಲ್ಲವೂ ಮುಗಿದಿವೆ, ಹಸಿರಿನಲ್ಲಿ 16 ಮಾತ್ರ. ಉಳಿದ 24ರ ಸೆರಗಿಗೆಂದು ಬಣ್ಣ ಹಾಕಿಸಿದ ಕೆಂಪು ರೇಷ್ಮೆಯನ್ನು ತೊಳೆದು ನೋಡಿದರೆ ಬಣ್ಣ ಬಿಡುತ್ತಿದೆ.

ಇಳಕಲ್ ಸೀರೆಯಲ್ಲಿ ಇದು ಕೆಲಸವನ್ನೇ ನಿಲ್ಲಿಸುವ ತೊಂದರೆ. ಇಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಜೋಡಿಸುವುದೇ 'ಕೊಂಡಿ'. ಸೆರಗಿನ ರೇಷ್ಮೆ ಬಾರದೆ ಕೊಂಡಿ ಹಾಕುವಂತಿಲ್ಲ. ಒಡಲು ಮೊದಲು ನೇಯ್ದಿಟ್ಟು ಸೆರಗು ಆಮೇಲೆ ನೋಡೋಣ ಎಂಬ ದಾರಿಯೂ ಇಲ್ಲ.

ಇನ್ನು ಪತ್ರ. ಅದು ಲಾರಿಗಿಂತ ಮುಂಚೆ ಹೊರಡಬೇಕು. ಇಲ್ಲವಾದರೆ ಅಂಗಡಿಯವರು ಗಂಟು ಬಿಚ್ಚಿ ಎಣಿಸಿ, 24 ಕಡಿಮೆ ಎಂದು ಸಾಗಣೆಯವರ ಮೇಲೆ ಜಗಳಕ್ಕೆ ನಿಲ್ಲುತ್ತಾರೆ. ಪತ್ರಕ್ಕೂ ಮೊದಲು ಒಂದು ಫೋನು ಮಾಡುವುದು ಒಳ್ಳೆಯದು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಮೊದಲೇ ಒಪ್ಪಿಕೊಂಡಿಲ್ಲದಿದ್ದರೆ ಸರಕನ್ನು ಕಂತಿನಲ್ಲಿ ಪಡೆಯುವ ಬಾಧ್ಯತೆ ಕೊಳ್ಳುವವರಿಗಿಲ್ಲ. ಅವರು ಹೂಂ ಅಂದ ಮೇಲೆ ಹೀಗೆ ಬರೆಯಬಹುದು:

"ಮಾನ್ಯರೇ, ತಮ್ಮ 60 ಸೀರೆಗಳ ಆರ್ಡರಿನ ಪೈಕಿ, ಫೋನಿನಲ್ಲಿ ತಾವು ಒಪ್ಪಿದಂತೆ, 36 ಸೀರೆಗಳನ್ನು (ಕಪ್ಪು 20, ಹಸಿರು 16) ಅಕ್ಟೋಬರ್ 3ರಂದು ಲಾರಿಗೆ ಹಾಕುತ್ತಿದ್ದೇವೆ. ಗಂಟು ಎರಡು, ತಲಾ 18. ಉಳಿದ 24 ಹಸಿರು ಸೀರೆಗಳ ಸೆರಗಿನ ಕೆಂಪು ರೇಷ್ಮೆ ತೊಳೆದಾಗ ಬಣ್ಣ ಬಿಟ್ಟಿದ್ದರಿಂದ ಮತ್ತೆ ಬಣ್ಣಕ್ಕೆ ಕೊಟ್ಟಿದ್ದೇವೆ. ಅವು ಅಕ್ಟೋಬರ್ 30ರಂದು ಹೊರಡುತ್ತವೆ. ಈಗಿನ ಬಿಲ್ಲು 36ಕ್ಕೆ ಮಾತ್ರ. ಎರಡನೇ ಸಲದ ಲಾರಿ ಬಾಡಿಗೆ ನಮ್ಮದು."

ಕಾರಣ ಎರಡೇ ಸಾಲಿನಲ್ಲಿ ಮುಗಿದಿರುವುದನ್ನು ಗಮನಿಸಿ. "ಅನಿವಾರ್ಯ ಕಾರಣಗಳಿಂದ" ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ, ಅನುಮಾನ ಮಾತ್ರ ಹುಟ್ಟುತ್ತದೆ. ಬಣ್ಣ ಬಿಟ್ಟಿತು ಎಂದು ಬರೆಯಲು ಹಲವರು ಹಿಂಜರಿಯುತ್ತಾರೆ. ಆದರೆ ಬಣ್ಣ ಬಿಡುವ ಸೆರಗನ್ನು ತನ್ನ ಗಿರಾಕಿಗೆ ಮಾರಿ ಮಾತು ಕೇಳುವುದು ಯಾವ ಅಂಗಡಿಯವರಿಗೂ ಬೇಡ.

30ನೇ ತಾರೀಕು ಬಾಯಿಗೆ ಬಂದದ್ದಲ್ಲ. ಮತ್ತೆ ಬಣ್ಣ ಹಾಕಿಸಿ ಕೊಂಡಿ ಮುಗಿಸಲು ಆರು ದಿನ. ನಾಲ್ಕು ಮಗ್ಗಗಳಿಗೆ ಆರಾರು ಸೀರೆ, ಸೀರೆಗೆ ಮೂರು ದಿನವೆಂದು ಹಿಡಿದರೂ ಹದಿನೆಂಟು. ರಜೆ, ಕರೆಂಟು, ಮಳೆಗೆಂದು ಮೂರು ದಿನ ಕೈಯಲ್ಲಿಟ್ಟುಕೊಂಡದ್ದು.

ತಕರಾರು ಹೆಚ್ಚಾಗಿ ಏಳುವುದು ಮುಂಗಡದ ಮೇಲೆ. ಈಗಿನ ಬಿಲ್ಲು ತೆರಿಗೆ ಬಿಟ್ಟು 90,000. ಮುಂಗಡವನ್ನೆಲ್ಲ ಇದರಲ್ಲೇ ಮುರಿದುಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಸೀರೆಗೆ ಸರಿಯಾಗಿ ಹಂಚಿದರೆ ಈಗ 18,000, ಮುಂದಿನದಕ್ಕೆ 12,000. ಅದನ್ನೂ ಪತ್ರದಲ್ಲೇ ಒಂದು ಸಾಲು ಬರೆದುಬಿಟ್ಟರೆ ಲೆಕ್ಕ ಎರಡೂ ಕಡೆ ಒಂದೇ ಇರುತ್ತದೆ. ಇಪ್ಪತ್ತನೇ ತಾರೀಕಿಗೆ ಮಗ್ಗಗಳು ಹಿಂದೆ ಬಿದ್ದಿರುವುದು ಕಂಡರೆ, ಅವತ್ತೇ ಇನ್ನೊಂದು ಪತ್ರ.